ಸ್ವಿಮ್, ಸ್ವ್ಯಾಮ್ ಮತ್ತು ಕಾಣೆಯಾದ ಕಾಲಂ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳ ಬೆನ್ನಿಗೆ ಅಂಟಿಕೊಂಡಂತೆ ಒಂದು ಪಟ್ಟಿ ಇರುತ್ತದೆ. ಮೂರು ಕಾಲಂ, ಸಣ್ಣ ಅಕ್ಷರ, ನಾಲ್ಕೈದು ಪುಟ. ನಮ್ಮ ಕಾಲದಲ್ಲಿ ಕಾಲಂಗಳ ತಲೆಯ ಮೇಲೆ ಪ್ರೆಸೆಂಟ್, ಪಾಸ್ಟ್, ಪಾಸ್ಟ್ ಪಾರ್ಟಿಸಿಪಲ್ ಎಂದು ಉದ್ದುದ್ದ ಬಿರುದುಗಳಿದ್ದವು. ಈಗಿನ ಮಕ್ಕಳು ಅವನ್ನೆಲ್ಲ ಕತ್ತರಿಸಿ ವಿ ಒನ್, ವಿ ಟೂ, ವಿ ತ್ರೀ ಮಾಡಿಕೊಂಡಿದ್ದಾರೆ. ಹಳ್ಳಿಯ ಶಾಲೆಯಲ್ಲಿ ನಾವು ಮಧ್ಯಾಹ್ನದ ಮಗ್ಗಿ ಮುಗಿದ ಮೇಲೆ ಇದನ್ನು ಕೂಗುತ್ತಿದ್ದೆವು. ಮೇಷ್ಟರಿಗೆ ನಿದ್ದೆ ಬರುವವರೆಗೆ ಜೋರಾಗಿ, ಬಂದ ಮೇಲೆ ಮೆಲ್ಲಗೆ.

ಆ ಪಟ್ಟಿಯ ಮೇಲೆ ನನಗೆ ಒಂದು ತಕರಾರಿದೆ. ಅದು ಅಕಾರಾದಿಯಾಗಿ ಸಾಗುತ್ತದೆ. ಅರೈಸ್, ಅವೇಕ್, ಬೀಟ್, ಬಿಕಮ್, ಬಿಗಿನ್, ಬೆಂಡ್... ಬೀಟ್ ಎಂಬುದಕ್ಕೂ ಬಿಕಮ್ ಎಂಬುದಕ್ಕೂ ಮೊದಲ ಎರಡಕ್ಷರ ಬಿಟ್ಟರೆ ಯಾವ ನಂಟೂ ಇಲ್ಲ. ಬಿಗಿನ್ ಎಂಬುದರ ನಿಜವಾದ ಬಳಗವಾದ ಡ್ರಿಂಕ್, ರಿಂಗ್, ಸಿಂಗ್, ಸ್ವಿಮ್ ಎಲ್ಲ ಎಲ್ಲೋ ಮುಂದಿನ ಪುಟಗಳಲ್ಲಿ ಚದುರಿ ಕೂತಿರುತ್ತವೆ. ನಿಘಂಟಿನಲ್ಲಿ ಹುಡುಕುವವರಿಗೆ ಈ ಕ್ರಮ ಸರಿ. ಕಲಿಯುವವರಿಗೆ ಇದು ಬರೀ ಹೊರೆ.

ಈಚೆಗೆ ಯಾರೋ ಪುಣ್ಯಾತ್ಮರು ವರ್ಕ್‌ಶೀಟ್ ಎಂಬುದನ್ನು ತಂದಿದ್ದಾರೆ. ನನ್ನ ತಂಗಿಯ ಮೊಮ್ಮಗಳು ಪುಟ್ಟಿ ದಸರಾ ರಜೆಗೆಂದು ಮೈಸೂರಿಗೆ ಬಂದವಳು ತನ್ನ ಚೀಲದಿಂದ ಅಂಥದೊಂದನ್ನು ತೆಗೆದು ನನ್ನ ಮುಂದೆ ಹರಡಿದಳು. ಒಂದು ಹಾಳೆಯ ತುಂಬ ಚೌಕಗಳಲ್ಲಿ ಕ್ರಿಯಾಪದಗಳು. ಇನ್ನೊಂದರಲ್ಲಿ ಖಾಲಿ ಮೂರು ಕಾಲಂಗಳ ಕೋಷ್ಟಕಗಳು. ಚೌಕಗಳನ್ನು ಕತ್ತರಿಸಿ, ಒಂದೇ ಬಗೆಯಲ್ಲಿ ಬದಲಾಗುವವನ್ನು ಒಂದೇ ಕೋಷ್ಟಕದಲ್ಲಿ ಅಂಟಿಸಬೇಕು. "ತಾತ, ನೀವು ಕತ್ತರಿಸಿ, ನಾನು ಅಂಟಿಸ್ತೀನಿ" ಎಂದು ಅವಳು ಕಾರ್ಯಹಂಚಿಕೆ ಮಾಡಿದಳು. ನಾನು ಕನ್ನಡಕ ಹುಡುಕಿ, ಕತ್ತರಿ ಹುಡುಕಿ, ಎರಡೂ ಸಿಕ್ಕಿದ ಸಂತೋಷಕ್ಕೆ ಪೂರ್ತಿ ಹಾಳೆಯನ್ನು ಚೂರು ಮಾಡಿ ಜಗುಲಿಯ ಮೇಲೆ ಓರಣವಾಗಿ ಜೋಡಿಸಿಟ್ಟೆ. ಅಷ್ಟರಲ್ಲಿ ನಮ್ಮ ಮನೆಯವಳು ಬಂದು, "ಇಷ್ಟು ಸೆಕೆಯಲ್ಲಿ ಕೂತಿದ್ದೀರಲ್ಲ" ಎಂದು ಕನಿಕರಪಟ್ಟು ಟೇಬಲ್ ಫ್ಯಾನಿನ ಸ್ವಿಚ್ ಒತ್ತಿದಳು.

ಮುಂದಿನದನ್ನು ವಿವರಿಸಬೇಕಾಗಿಲ್ಲ. ಕೆಲವು ಕ್ರಿಯಾಪದಗಳು ತುಳಸಿಕಟ್ಟೆಯ ತನಕ ಹೋದವು. ಒಂದೆರಡು ಮೋರಿಗೆ ಬಿದ್ದವು, ಅವುಗಳಲ್ಲಿ ಒಂದು ಸಿಂಕ್ ಆಗಿದ್ದದ್ದು ಕಾಕತಾಳೀಯ. ಮೂವರೂ ಬಗ್ಗಿ ಬಗ್ಗಿ ಆಯ್ದೆವು. ಸಿಕ್ಕಿದ ಚೂರು ಹಾರದಂತೆ ಇಡಲು ಕಾಫಿ ಲೋಟಗಳೇ ಗತಿಯಾದವು. ಒಂದು ಲೋಟದ ಕೆಳಗೆ ಮೂರೂ ಕಡೆ ಒಂದೇ ರೂಪ ಇರುವವು: ಕಟ್–ಕಟ್–ಕಟ್, ಪುಟ್–ಪುಟ್–ಪುಟ್. ಎರಡನೆಯದರ ಕೆಳಗೆ ಕೊನೆಯ ಎರಡು ರೂಪ ಒಂದೇ ಆದವು: ಬೈ–ಬಾಟ್–ಬಾಟ್. ಮೂರನೆಯದರ ಕೆಳಗೆ ಹೋದ ದಾರಿಯಲ್ಲೇ ಮನೆಗೆ ಮರಳುವವು: ಕಮ್–ಕೇಮ್–ಕಮ್, ರನ್–ರ‍್ಯಾನ್–ರನ್. ನಾಲ್ಕನೆಯದರ ಕೆಳಗೆ ಮೂರೂ ಬೇರೆ ಬೇರೆ ಆದವು. ಬೀಟ್–ಬೀಟ್–ಬೀಟನ್ ಮಾತ್ರ ಯಾವ ಲೋಟದ ಕೆಳಗೂ ಕೂರಲೊಲ್ಲದೆ ಪುಟ್ಟಿಯ ಮುಷ್ಟಿಯಲ್ಲೇ ಉಳಿಯಿತು. ಫ್ಯಾನಿನ ದೆಸೆಯಿಂದ ವಿಂಗಡಣೆಯ ಮೊದಲ ಸುತ್ತು ಅಂಟು ಮುಟ್ಟದೆಯೇ ಮುಗಿಯಿತು.

ಸ್ವಾರಸ್ಯ ಇರುವುದು ನಾಲ್ಕನೆಯ ಲೋಟದ ಕೆಳಗೆ. ಅಲ್ಲಿ ಬ್ರೇಕ್–ಬ್ರೋಕ್–ಬ್ರೋಕನ್ ತರಹದವನ್ನು ತೆಗೆದು ಪಕ್ಕಕ್ಕಿಟ್ಟರೆ ಉಳಿಯುವುದು ಒಂದು ಪುಟ್ಟ ಬಳಗ. ಪುಟ್ಟಿಗೆ ನಾನು ಒಂದು ಉಪಾಯ ಹೇಳಿದೆ. "ಇಂಗ್ಲಿಷ್ ಅಕ್ಷರ ನೋಡಬೇಡ. ಮೂರೂ ರೂಪ ಬಾಯಿಬಿಟ್ಟು ಹೇಳು, ಕೇಳಿದ್ದನ್ನು ಕನ್ನಡದಲ್ಲಿ ಬರಿ." ಅವಳು ಬರೆದಳು. ಸ್ವಿಮ್, ಸ್ವ್ಯಾಮ್, ಸ್ವಮ್. ಅದರ ಕೆಳಗೆ ಸಿಂಗ್, ಸ್ಯಾಂಗ್, ಸಂಗ್. ಅದರ ಕೆಳಗೆ ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದರೆ ಸಾಕು: ಮೊದಲ ಕಾಲಂ ತುಂಬ ಗುಡಿಸು, ಎರಡನೆಯದರ ತುಂಬ ಯ-ಒತ್ತು ಮತ್ತು ಇಳಿ, ಮೂರನೆಯದು ಬರೀ ತಲಕಟ್ಟು. ನಮ್ಮ ಕಾಗುಣಿತ ಸ್ವರವನ್ನು ವ್ಯಂಜನದ ಮೈಮೇಲೆಯೇ ಏರಿಸಿ ತೋರಿಸುವುದರಿಂದ, ಬದಲಾಗುವುದು ಹೊಟ್ಟೆಯೊಳಗಿನ ಸ್ವರವೇ ಹೊರತು ತಲೆಬಾಲವಲ್ಲ ಎಂಬುದು ಯಾರೂ ಹೇಳಿಕೊಡದೆ ಕಾಣುತ್ತದೆ. ಹೀಗೆ ಇ, ಆ್ಯ, ಅ ಎಂದು ನಡೆಯುವ ಬಳಗ ಲೆಕ್ಕಕ್ಕೆ ಒಂಬತ್ತೇ: ಬಿಗಿನ್, ಡ್ರಿಂಕ್, ರಿಂಗ್, ಶ್ರಿಂಕ್, ಸಿಂಗ್, ಸಿಂಕ್, ಸ್ಪ್ರಿಂಗ್, ಸ್ಟಿಂಕ್, ಸ್ವಿಮ್. ಎಲ್ಲವೂ ಮೂಗಿನಲ್ಲಿ ನುಡಿಯುವ ಮ, ನ ಅಥವಾ ಅನುಸ್ವಾರದ ಹತ್ತಿರವೇ ಮುಗಿಯುತ್ತವೆ, ಗಮನಿಸಿ.

ಎರಡನೆಯ ಲೋಟದ ಕೆಳಗೂ ಇವುಗಳ ದಾಯಾದಿಗಳು ಇದ್ದರು. ಅವು ನಡುವಿನ ಆ್ಯ ಕಾರವನ್ನು ಹಾರಿಸಿಬಿಟ್ಟು ನೇರ ಕೊನೆಯದಕ್ಕೆ ಜಿಗಿಯುತ್ತವೆ: ಕ್ಲಿಂಗ್–ಕ್ಲಂಗ್–ಕ್ಲಂಗ್, ಸ್ವಿಂಗ್–ಸ್ವಂಗ್–ಸ್ವಂಗ್, ಸ್ಪಿನ್–ಸ್ಪನ್–ಸ್ಪನ್, ಸ್ಟಿಂಗ್–ಸ್ಟಂಗ್–ಸ್ಟಂಗ್. ವಿನ್ ಎಂಬುದನ್ನು ಪುಟ್ಟಿ ಮೊದಲು ಇವುಗಳಿಂದ ದೂರ ಇಟ್ಟಿದ್ದಳು. ಅದರ ಭೂತಕಾಲವನ್ನು ಇಂಗ್ಲಿಷಿನಲ್ಲಿ ಬರೆಯುವುದು ಓ ಅಕ್ಷರ ಹಾಕಿ. ಕನ್ನಡದಲ್ಲಿ ಬರೆದದ್ದೇ ತಡ, ವಿನ್–ವನ್–ವನ್ ಎಂದು ಸ್ಪಿನ್ ಪಕ್ಕಕ್ಕೆ ತಾನಾಗಿ ಬಂದು ಕೂತಿತು. ಆ ಓ ಅಕ್ಷರದ ಕತೆ ಬೇರೆ. ಮಧ್ಯಯುಗದ ಲಿಪಿಕಾರರ ಕೈಯಲ್ಲಿ ಯು, ಎನ್, ಎಮ್, ಡಬ್ಲ್ಯೂ ಎಲ್ಲವೂ ಬರೀ ಒಂದೇ ಥರದ ನಿಂತ ಗೀಟುಗಳಾಗಿ, ಎಲ್ಲಿ ಯಾವ ಅಕ್ಷರ ಮುಗಿಯಿತು ಎಂದು ತಿಳಿಯುತ್ತಿರಲಿಲ್ಲವಂತೆ. ಅದಕ್ಕೇ ಅಂಥ ಕಡೆ ಯು ಬದಲು ದುಂಡಗಿನ ಓ ಬರೆದುಬಿಡುತ್ತಿದ್ದರು. ಸನ್, ಕಮ್, ಲವ್ ಇವೆಲ್ಲದರ ಒಳಗಿನ ಓ ಹೀಗೆ ಬಂದದ್ದು ಎನ್ನುತ್ತಾರೆ. ಓದುವವರ ಕಣ್ಣಿಗೆ ಮಾಡಿದ ಉಪಕಾರ, ಇಷ್ಟು ಶತಮಾನ ಕಳೆದ ಮೇಲೆ ನಮ್ಮ ಜಗುಲಿಯ ಮೇಲೆ ಉಪದ್ರವವಾಗಿತ್ತು.

"ತಾತ, ಸಿಂಗ್‌ಗೆ ಸ್ಯಾಂಗ್ ಅಂದ್ಮೇಲೆ ಸ್ವಿಂಗ್‌ಗೆ ಯಾಕೆ ಸ್ವ್ಯಾಂಗ್ ಅಲ್ಲ?" ಎಂದು ಪುಟ್ಟಿ ಕೇಳಿದಳು.

ಇಂಥ ಪ್ರಶ್ನೆಗೆ "ಅದು ಹಾಗೇ, ಬಾಯಿಪಾಠ ಮಾಡು" ಎನ್ನುವುದು ರೂಢಿ. ನನಗೂ ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ನಿವೃತ್ತನಾದವನಿಗೆ ಮಾತಾಡಲು ವಿಷಯ ಸಿಕ್ಕಿದರೆ ಬಿಟ್ಟಾನೆಯೇ? ಕಾಲು ಚಾಚಿ ಕೂತು ಹೇಳಿದೆ. ಈ ಕೋಷ್ಟಕಕ್ಕೆ ಒಂದು ಕಾಲದಲ್ಲಿ ಮೂರಲ್ಲ, ನಾಲ್ಕು ಕಾಲಂ ಇದ್ದವು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ನಾನು ಹಾಡಿದೆ' ಎನ್ನುವಾಗ ಒಂದು ಸ್ವರ, 'ನಾವು ಹಾಡಿದೆವು' ಎನ್ನುವಾಗ ಇನ್ನೊಂದು. ಹಾಡು ಎಂಬುದಕ್ಕೆ ಸಿಂಗನ್. ಒಬ್ಬ ಹಾಡಿದರೆ ಸಾಂಗ್. ಹಲವರು ಹಾಡಿದರೆ ಸುಂಗೊನ್. ಹಾಡಿದ್ದಾಗಿದೆ ಎನ್ನಲು ಸುಂಗೆನ್. ನಾವು ಏಕವಚನ ಬಹುವಚನವನ್ನು ಕ್ರಿಯಾಪದದ ಬಾಲದಲ್ಲಿ ತೋರಿಸುತ್ತೇವೆ. ಅವರು ಬಾಲದ ಜೊತೆಗೆ ಹೊಟ್ಟೆಯ ಸ್ವರವನ್ನೂ ಬದಲಿಸುತ್ತಿದ್ದರು. ಬರಬರುತ್ತ ಆ ಭಾಷೆ ಬಾಲಗಳನ್ನೆಲ್ಲ ಉದುರಿಸಿಕೊಂಡಿತು. ಭೂತಕಾಲದಲ್ಲಿ ಒಬ್ಬನಿಗೂ ಹಲವರಿಗೂ ಒಂದೇ ರೂಪ ಸಾಕು ಎಂದಾಯಿತು. ಹಾಗಾದರೆ ಎರಡು ಸ್ವರಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು?

ಇದು ಒಂದೇ ಏಟಿಗೆ, ಎಲ್ಲರೂ ಕೂತು ಮಾಡಿದ ತೀರ್ಮಾನವಲ್ಲ. ಅವಿಭಕ್ತ ಕುಟುಂಬ ಹಿಸ್ಸೆಯಾದ ಹಾಗೆ ಆಯಿತು. ಸಿಂಗ್, ಡ್ರಿಂಕ್, ಸ್ವಿಮ್ ಮುಂತಾದವು ಒಂಟಿ ಮನುಷ್ಯನ ಸ್ವರವನ್ನು ಪಾಲಿಗೆ ತೆಗೆದುಕೊಂಡವು. ಕ್ಲಿಂಗ್, ಸ್ವಿಂಗ್, ಸ್ಪಿನ್, ವಿನ್ ಮುಂತಾದವು ಗುಂಪಿನ ಸ್ವರ ಎತ್ತಿಕೊಂಡು ಬೇರೆ ಬಿಡಾರ ಹೂಡಿದವು. ಗುಂಪಿನ ಸ್ವರವೂ ಕೊನೆಯ ಕಾಲಂನ ಸ್ವರವೂ ಮೊದಲಿನಿಂದ ಒಂದೇ ಆಗಿದ್ದರಿಂದ ಈ ಎರಡನೆಯ ಕವಲಿನವರಿಗೆ ಎರಡೂ ಕಾಲಂ ಒಂದೇ ಆಗಿಬಿಟ್ಟಿತು. ಸ್ಪಿನ್ ಎಂಬುದಕ್ಕೆ ಸ್ಪ್ಯಾನ್ ಎಂಬ ಭೂತಕಾಲವೂ ಬಹಳ ಕಾಲ ಚಾಲ್ತಿಯಲ್ಲಿತ್ತು, ಕೊನೆಗೆ ಅದು ಸೋತಿತು. ಯಾವುದು ಯಾವ ಪಾಲು ತೆಗೆದುಕೊಳ್ಳಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. ಒಂದಷ್ಟು ಒಲವು ಕಾಣುತ್ತದೆ: ಕೊನೆಯಲ್ಲಿ ಕ್ ಕೇಳಿಸುವ ಡ್ರಿಂಕ್, ಸಿಂಕ್, ಶ್ರಿಂಕ್, ಸ್ಟಿಂಕ್ ಆ್ಯ ಕಡೆಗೆ ನಿಂತವು, ಸ್ಲಿಂಕ್ ಒಂದು ಮಾತ್ರ ಸ್ಲಂಕ್ ಎಂದು ಆಚೆ ಮನೆಗೆ ಹೋಯಿತು. ಕೊನೆಯಲ್ಲಿ ಗ್ ಇರುವವು ಬಹುಪಾಲು ಆಚೆ ಮನೆಯವೇ. ಈಚೆ ಉಳಿದ ಸಿಂಗ್, ರಿಂಗ್, ಸ್ಪ್ರಿಂಗ್ ಮೂರನ್ನು ನೆನಪಿಟ್ಟುಕೊಂಡರೆ ಮಿಕ್ಕವು ತಾವಾಗಿ ವಿಂಗಡವಾಗುತ್ತವೆ.

"ಹಾಗಾದ್ರೆ ಸುಂಗೊನ್‌ನ ಉ ಎಲ್ಲಿ ಹೋಯ್ತು? ಈಗ ಸಂಗ್ ಅಂತೀವಲ್ಲ?" ಹುಡುಗಿ ಕಿವಿ ಚುರುಕಿನವಳು. ಅದು ಕಾಗದದ ಮೇಲೆ ಹೋಗಿಲ್ಲ, ಇಂಗ್ಲಿಷಿನಲ್ಲಿ ಇಂದಿಗೂ ಯು ಎಂದೇ ಬರೆಯುವುದು. ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಅದು 17ನೇ ಶತಮಾನದ ಆಸುಪಾಸಿನಲ್ಲಿ ಅ ಕಡೆಗೆ ಜಾರಿತು. ನಮಗೆ ಬಂದದ್ದು ಆ ಜಾರಿದ ಉಚ್ಚಾರ. ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ಈಗಲೂ ಸುಂಗ್, ಡ್ರುಂಕ್ ಎನ್ನುವಂತೆಯೇ ಕೇಳಿಸುತ್ತದೆ. ಬಾಲದಲ್ಲಿದ್ದ ಎನ್ ಕೂಡ ಪೂರ್ತಿ ಸತ್ತಿಲ್ಲ. ಡ್ರಂಕನ್, ಸಂಕನ್, ಶ್ರಂಕನ್ ಎಂಬ ವಿಶೇಷಣಗಳಲ್ಲಿ ಅದು ಜೀವ ಹಿಡಿದುಕೊಂಡಿದೆ.

ಇಷ್ಟು ಹೊತ್ತಿಗೆ ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗುತ್ತಿದ್ದೆ. ಅಡುಗೆಮನೆಯಿಂದ "ನೆಟ್ಟಗೆ ನಾಲ್ಕು ಸಾಲು ಅಂಟಿಸಿಕೊಡಿ ಮಗುಗೆ, ಸಾವಿರ ವರ್ಷ ಆಮೇಲೆ ನೋಡಿಕೊಳ್ಳೋಣ" ಎಂಬ ಅಶರೀರವಾಣಿ ಬಂತು. ಅಂಟು ತೆಗೆದೆವು. ಆಗ ಎದುರಾಯಿತು ರಿಂಗ್.

ಕನ್ನಡದಲ್ಲಿ ಬರೆಯುವ ನನ್ನ ಉಪಾಯಕ್ಕೆ ಇದ್ದ ಮಿತಿ ಇಲ್ಲೇ ಬಯಲಾದದ್ದು. ಗಂಟೆ ಬಾರಿಸುವ ರಿಂಗ್ ಒಂದು: ರಿಂಗ್–ರ‍್ಯಾಂಗ್–ರಂಗ್. ಒದ್ದೆ ಬಟ್ಟೆ ಹಿಂಡುವ ರಿಂಗ್ ಇನ್ನೊಂದು. ಇಂಗ್ಲಿಷಿನಲ್ಲಿ ಅದರ ಮುಂದೆ ಉಚ್ಚಾರವಿಲ್ಲದ ಡಬ್ಲ್ಯೂ ಇರುತ್ತದೆ, ಕನ್ನಡಕ್ಕೆ ಬಂದರೆ ಅದು ಮಾಯ. ಇದು ಆಚೆ ಮನೆಯ ಕವಲು: ರಿಂಗ್–ರಂಗ್–ರಂಗ್. ಮೂರನೆಯದೂ ಒಂದಿದೆ. ಪೊಲೀಸರು ಕಟ್ಟಡವನ್ನು ಸುತ್ತುವರಿದರು ಎನ್ನುವ ಅರ್ಥದ ರಿಂಗ್. ಅದು ಉಂಗುರ ಎಂಬ ನಾಮಪದದಿಂದ ಬಂದದ್ದು, ಅದಕ್ಕೆ ಈ ಸ್ವರದಾಟವೇ ಬೇಡ, ಸೀದಾ ರಿಂಗ್ಡ್–ರಿಂಗ್ಡ್. ಹೀಗಾಗಿ ಪುಟ್ಟಿಯ ಹಾಳೆಯಲ್ಲಿ ಒಂದೇ ಹೆಸರಿನ ಮೂವರು ಮೂರು ಮನೆಗೆ ಹೋಗಬೇಕಾಯಿತು. ಅವಳು ಮೊದಲನೆಯದರ ಪಕ್ಕ ಗಂಟೆಯ ಚಿತ್ರ, ಎರಡನೆಯದರ ಪಕ್ಕ ತೊಟ್ಟಿಕ್ಕುವ ಟವೆಲ್, ಮೂರನೆಯದರ ಪಕ್ಕ ಮೀಸೆಯ ಪೊಲೀಸು ಬರೆದು ಸಮಸ್ಯೆ ಬಗೆಹರಿಸಿದಳು. ಪೊಲೀಸಿನ ಮೀಸೆಗೆ ನನ್ನದೇ ಮಾದರಿ.

ಗಂಟೆಯ ರಿಂಗ್ ಬಗ್ಗೆ ಇನ್ನೊಂದು ಮಾತು. ಅದು ಹುಟ್ಟಿನಿಂದ ಈ ಬಳಗದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಬಾಲಕ್ಕೆ ಪ್ರತ್ಯಯ ಸೇರಿಸಿಕೊಳ್ಳುವ ಸಾಧು ಕ್ರಿಯಾಪದವೇ ಆಗಿತ್ತು. ಪಕ್ಕದಲ್ಲಿ ಸಿಂಗ್ ಸ್ಯಾಂಗ್ ಎನ್ನುವುದನ್ನು ಕೇಳಿ ಕೇಳಿ ತಾನೂ ರ‍್ಯಾಂಗ್ ಎನ್ನತೊಡಗಿತು. ಡಿಗ್ ಕೂಡ ಹಾಗೆಯೇ. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದರ ಭೂತಕಾಲ ಡಿಗ್ಡ್. ಈಗ ಡಗ್. ಎಲ್ಲ ಅನಿಯಮಿತ ಕ್ರಿಯಾಪದಗಳೂ ಕಾಲಕ್ರಮೇಣ ಸಾಧುವಾಗುತ್ತವೆ ಎಂದು ನಾವು ಆಸೆಪಟ್ಟರೆ, ಕೆಲವು ಸಾಧುಗಳೇ ಹೀಗೆ ಕೆಡುತ್ತವೆ. ಅಮೆರಿಕದಲ್ಲಿ ಸ್ನೀಕ್ ಎಂಬುದಕ್ಕೆ ಸ್ನಕ್ ಬಂದಿರುವುದೂ ಈ ಸಾಲಿನಲ್ಲೇ.

ಹಾಗೆಂದು ಇಂಗ್ ಎಂದು ಮುಗಿದದ್ದೆಲ್ಲ ಈ ಕೋಷ್ಟಕಕ್ಕೆ ಸೇರುವುದಿಲ್ಲ. ಬ್ರಿಂಗ್ ಎಂಬುದನ್ನು ಪುಟ್ಟಿ ಬ್ರ್ಯಾಂಗ್–ಬ್ರಂಗ್ ಮಾಡಿ ಅಂಟು ಹಚ್ಚೇಬಿಟ್ಟಿದ್ದಳು. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಇದನ್ನೇ ಮಾಡುತ್ತಾರೆ, ಕೆಲವು ಪ್ರಾಂತಗಳ ಆಡುಮಾತಿನಲ್ಲಿ ದೊಡ್ಡವರೂ ಹಾಗೇ ಅನ್ನುತ್ತಾರೆ. ಬರವಣಿಗೆಯಲ್ಲಿ ಮಾತ್ರ ಅದು ಬ್ರಾಟ್, ಥಿಂಕ್‌ನ ಜೊತೆಗಾರ. ವಿಂಕ್, ಬ್ಲಿಂಕ್, ಲಿಂಕ್‌ಗಳು ಡ್ರಿಂಕ್‌ನ ಪ್ರಾಸವೇ ಆದರೂ ವಿಂಕ್ಡ್, ಬ್ಲಿಂಕ್ಡ್, ಲಿಂಕ್ಡ್. ಚೂರನ್ನು ಕಿತ್ತು ಬೇರೆ ಕಡೆ ಅಂಟಿಸುವಾಗ ಅವಳಿಗೆ ಸಿಟ್ಟು ಬಂತು. "ಇಂಗ್ಲಿಷ್‌ನೋರಿಗೆ ಬುದ್ಧಿ ಇಲ್ಲ" ಎಂದಳು.

"ನಮಗಿದೆಯಾ?" ಎಂದೆ. "ಬೀಳು ಅನ್ನೋದಕ್ಕೆ ಏನಂತೀಯ?"

"ಬಿದ್ದ."

"ಏಳು?"

"ಎದ್ದ."

"ಹೇಳು?"

"ಹೆದ್..." ಎಂದು ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು. ಹೇಳಿದ, ಕೇಳಿದ, ಬಾಳಿದ. ಆದರೆ ಬಿದ್ದ, ಎದ್ದ. ಕೀಳು ಎಂಬುದು ಈ ಎರಡೂ ಬಿಟ್ಟು ಕಿತ್ತ. ಗೆಲ್ಲು ಗೆದ್ದ, ನಿಲ್ಲು ನಿಂತ, ಕೊಲ್ಲು ಕೊಂದ. ಇವಕ್ಕೆ ಯಾರೂ ನಮಗೆ ಕೋಷ್ಟಕ ಅಂಟಿಸಲು ಕೊಡಲಿಲ್ಲ. ದಿನಕ್ಕೆ ನೂರು ಸಲ ಕಿವಿಗೆ ಬಿದ್ದು ತಾವಾಗಿ ಕೂತವು. ಪುಟ್ಟಿಗೆ ಸ್ವ್ಯಾಮ್ ಎಂಬುದು ವರ್ಷಕ್ಕೊಮ್ಮೆ, ಅದೂ ವರ್ಕ್‌ಶೀಟಿನಲ್ಲಿ ಮಾತ್ರ ಸಿಗುವುದರಿಂದ ಈ ಕತ್ತರಿ, ಅಂಟು ಎಲ್ಲ.

ಕೋಷ್ಟಕ ತುಂಬಿತೆಂದರೆ ಕೆಲಸ ಮುಗಿಯಲಿಲ್ಲ. ಎರಡನೆಯ, ಮೂರನೆಯ ಕಾಲಂ ಯಾವಾಗ ಯಾವುದು ಎಂಬುದರಲ್ಲೇ ಜನ ಎಡವುವುದು. 'ದ ಬೆಲ್ ಹ್ಯಾಸ್ ರ‍್ಯಾಂಗ್' ಎಂಬುದನ್ನು ನಾನು ದೊಡ್ಡ ದೊಡ್ಡ ಕಚೇರಿಗಳಲ್ಲಿ ಕೇಳಿದ್ದೇನೆ. ಪರೀಕ್ಷೆ ಸುಲಭ. ವಾಕ್ಯಕ್ಕೆ 'ನಿನ್ನೆ' ಸೇರಿಸಿ ಅದೊಂದೇ ಕ್ರಿಯಾಪದ ನಿಂತರೆ ಎರಡನೆಯ ಕಾಲಂ: ನಿನ್ನೆ ಗಂಟೆ ರ‍್ಯಾಂಗ್. ಮುಂದೆ ಹ್ಯಾವ್, ಹ್ಯಾಸ್, ಹ್ಯಾಡ್ ಯಾವುದಾದರೂ ಕಂಡರೆ ಮೂರನೆಯದು: ಹ್ಯಾಸ್ ರಂಗ್. ಸ್ವಂಗ್, ಕ್ಲಂಗ್ ಮನೆಯವರಿಗೆ ಈ ತಾಪತ್ರಯವೇ ಇಲ್ಲ, ಎರಡಕ್ಕೂ ಒಂದೇ ಅಂಗಿ. ಬಹುಶಃ ಆ ಸುಖ ಕಂಡೇ ಏನೋ, ಈಚೆ ಮನೆಯ ಕೆಲವೂ ಅತ್ತ ವಾಲುತ್ತಿವೆ. 1989ರಲ್ಲಿ ಬಂದ ಹಾಲಿವುಡ್ ಚಿತ್ರವೊಂದರ ಹೆಸರೇ 'ಹನಿ, ಐ ಶ್ರಂಕ್ ದ ಕಿಡ್ಸ್'. ವ್ಯಾಕರಣದ ಪಟ್ಟಿಯ ಪ್ರಕಾರ ಶ್ರ್ಯಾಂಕ್ ಆಗಬೇಕು. ಆದರೆ ಅಮೆರಿಕದ ನಿಘಂಟುಗಳು ಭೂತಕಾಲದಲ್ಲಿ ಶ್ರಂಕ್, ಸ್ಪ್ರಂಗ್ ಎರಡನ್ನೂ ಒಪ್ಪುತ್ತವೆ. ಶಾಲೆಯ ಉತ್ತರಪಟ್ಟಿ ಒಪ್ಪುತ್ತದೆಯೋ ಇಲ್ಲವೋ ಎಂದು ಪುಟ್ಟಿಗೆ ಭಯ. ಆದ್ದರಿಂದ ಶ್ರ್ಯಾಂಕ್ ಎಂದೇ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಶ್ರಂಕ್ ಎಂದು ಬರೆದಿಟ್ಟೆವು, ಬೇಕಾದರೆ ಅಳಿಸಲು ಬರುವ ಹಾಗೆ.

ರನ್ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಚರ್ಚೆಯಾಯಿತು. ಅದು ಕಮ್ ಜೊತೆ ಮೂರನೆಯ ಲೋಟದ ಕೆಳಗಿತ್ತು. ಹಿಂದೆ ಅದಕ್ಕೂ ಮೊದಲ ಕಾಲಂನಲ್ಲಿ ಇ ಕಾರದ ರೂಪವಿತ್ತು, ಕೊನೆಯ ಕಾಲಂನ ಸ್ವರ ಹಿಂದಕ್ಕೆ ಬಂದು ಮೊದಲನೆಯದನ್ನೂ ಆಕ್ರಮಿಸಿತು. ವಂಶಾವಳಿ ನೋಡಿದರೆ ಅದು ಸ್ವಿಮ್ ಬಳಗದ್ದೇ, ಅಲ್ಲೇ ಅಂಟಿಸೋಣ ಎಂದು ನನ್ನ ವಾದ. "ಮಿಸ್ ವಂಶಾವಳಿ ನೋಡಲ್ಲ ತಾತ, ಕಾಲಂ ನೋಡ್ತಾರೆ" ಎಂದು ಅವಳದು. ಅವಳೇ ಗೆದ್ದಳು.

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ಭಾಷಾವಿದುಷಿ ಮಕ್ಕಳ ಮುಂದೆ ಚಿತ್ರಗಳನ್ನಿಟ್ಟು, ಇಲ್ಲದ ಕ್ರಿಯಾಪದಗಳನ್ನು ಸೃಷ್ಟಿಸಿ ಭೂತಕಾಲ ಕೇಳಿದ್ದು ನೆನಪಾಯಿತು. ಅವುಗಳಲ್ಲಿ ಗ್ಲಿಂಗ್ ಒಂದು. ಮಕ್ಕಳು ಹೆಚ್ಚಾಗಿ ಗ್ಲಿಂಗ್ಡ್ ಎಂದರು. ದೊಡ್ಡವರಲ್ಲಿ ಬಹಳ ಮಂದಿ ಗ್ಲ್ಯಾಂಗ್, ಗ್ಲಂಗ್ ಎಂದರು. ಅಂದರೆ ಎಂದೂ ಕೇಳದ ಪದಕ್ಕೂ ಅವರ ಕಿವಿ ಒಂದು ಮನೆ ಹುಡುಕುತ್ತಿತ್ತು. ಪರೀಕ್ಷಿಸೋಣವೆಂದು ಪುಟ್ಟಿಯನ್ನು ಕೇಳಿದೆ. "ಗ್ಲಿಂಗ್? ಗ್ಲ್ಯಾಂಗ್, ಗ್ಲಂಗ್" ಎಂದು ತಡವರಿಸದೆ ಹೇಳಿದಳು. ಮಧ್ಯಾಹ್ನವೆಲ್ಲ ಕಾಗದ ಅಂಟಿಸಿದ ಫಲ. ಹಾಗೇ ಅಡುಗೆಮನೆಯತ್ತ ತಿರುಗಿ ನಮ್ಮ ಮನೆಯವಳನ್ನೂ ಕೇಳಿದೆ.

"ಗ್ಲಿಂಗ್ ಅಂದ್ರೆ ಏನ್ರೀ?"

"ಅರ್ಥ ಇಲ್ಲ. ನಿನ್ನೆ ಮಾಡಿದ್ದಾದರೆ ಏನನ್ನುತ್ತೀ?"

"ಅರ್ಥ ಇಲ್ಲದ್ದನ್ನ ನಿನ್ನೆ ಯಾಕೆ ಮಾಡ್ತೀನಿ? ಲೋಟ ಎಲ್ಲ ಈಚೆ ಕೊಡಿ, ತೊಳೀಬೇಕು."

ಲೋಟಗಳನ್ನು ಎತ್ತುವ ಮೊದಲು ಪುಟ್ಟಿ ಓಡಿಹೋಗಿ ಫ್ಯಾನ್ ಆರಿಸಿದಳು.